ಬಾಯಿ, ಬಳೆ, ಬೆಳೆ: ಬರವಣಿಗೆಯಿಲ್ಲದ ಭಾಷೆಯ ದನಿಗಳನ್ನು ಹಿಡಿದಿಡುವುದು ಹೇಗೆ?

ನವೆಂಬರ್ ಬಂತೆಂದರೆ ಎಲ್ಲರ ಗುಂಪಿನಲ್ಲೂ ಒಂದು ಸಂದೇಶ ಸುತ್ತಾಡುತ್ತದೆ. 'ಕನ್ನಡ ವರ್ಣಮಾಲೆಯಲ್ಲಿ ಜಗತ್ತಿನ ಯಾವ ಭಾಷೆಯನ್ನಾದರೂ ಉಚ್ಚರಿಸಿದಂತೆಯೇ ಬರೆಯಬಹುದು, ಹೆಮ್ಮೆಯಿಂದ ಶೇರ್ ಮಾಡಿ' ಎಂಬುದು ಅದರ ಸಾರ. ಇದೇ ಮಾತು ಹಿಂದಿಯ ಬಗ್ಗೆ, ತೆಲುಗಿನ ಬಗ್ಗೆ ಆ ಭಾಷೆಯವರ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ ಅನ್ನುವುದು ಬೇರೆ ವಿಷಯ.

ಇದು ನಿಜವೇ? ಅಲ್ಲ. ಅಲ್ಲ ಎಂದು ತೋರಿಸಲು ದೂರದ ಆಫ್ರಿಕಾಕ್ಕೆ ಹೋಗಬೇಕಿಲ್ಲ. ಮೈಸೂರಿನಿಂದ ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಸಾಕು. ಅಲ್ಲಿ ಕನ್ನಡಕ್ಕೆ ತೀರ ಹತ್ತಿರದ ಒಂದು ಭಾಷೆ ಇದೆ. ಅದರ ಮೂರು ಚಿಕ್ಕ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆಯಹೊರಟರೆ ಮೂರೂ 'ಬೆ' ಎಂದೇ ಆಗಿಬಿಡುತ್ತವೆ. ಆಡುವವರಿಗೆ ಮಾತ್ರ ಒಂದು ಬಾಯಿ, ಇನ್ನೊಂದು ಬಳೆ, ಮತ್ತೊಂದು ಬೆಳೆ.

ಈ ಮೂರು ಪದಗಳನ್ನು ಹಿಡಿದುಕೊಂಡೇ ನಾವು ಇವತ್ತು ಒಂದು ಕೆಲಸವನ್ನು ವಿವರಿಸುತ್ತೇವೆ. ಬರವಣಿಗೆಯ ಬಳಕೆ ಬೆಳೆಯದ ಭಾಷೆಯೊಂದರ ದನಿಗಳನ್ನು ದಾಖಲಿಸಲು ಪದಪಟ್ಟಿಯನ್ನು ಹೇಗೆ ಕಟ್ಟುತ್ತಾರೆ, ಧ್ವನಿಮುದ್ರಣ ಹೇಗೆ ಮಾಡುತ್ತಾರೆ ಎಂಬುದು. 'ಅದಕ್ಕೇನಂತೆ, ಫೋನ್ ಹಿಡಿದು ಅಜ್ಜಿಯ ಮಾತು ರೆಕಾರ್ಡ್ ಮಾಡಿದರಾಯಿತು' ಎಂದು ಅನ್ನಿಸಿದರೆ ಕೊನೆಯವರೆಗೆ ಓದಿ. ಹಾಗೆ ಮಾಡಿದ ರೆಕಾರ್ಡಿಂಗುಗಳು ಎಲ್ಲಿ ಕೈಕೊಡುತ್ತವೆ ಎಂಬುದೂ ಇದರಲ್ಲಿದೆ.

ಬಡಗರ ಮೂವತ್ತು ಸ್ವರಗಳು

ಭಾಷೆಯ ಹೆಸರು ಬಡಗ. ಬಡಗು ಎಂದರೆ ಉತ್ತರ. ಬಡಗರು ಎಂದರೆ ಉತ್ತರದಿಂದ, ಅಂದರೆ ಮೈಸೂರಿನ ಕಡೆಯಿಂದ ಬಂದವರು. ಊಟಿ, ಕೂನೂರು, ಕೋಟಗಿರಿ ಸುತ್ತಲಿನ ಹಟ್ಟಿಗಳಲ್ಲಿ ಇದನ್ನು ಆಡುವವರು ಒಂದು ಲಕ್ಷಕ್ಕೂ ಹೆಚ್ಚು ಜನ. ಈ ಭಾಷೆಗೆ ಹಿಂದಿನಿಂದ ಬಂದ ಸ್ವಂತ ಲಿಪಿ ಇಲ್ಲ. ಬರೆಯಬೇಕೆಂದಾಗ ತಮಿಳು, ಕನ್ನಡ ಅಥವಾ ಇಂಗ್ಲಿಷ್ ಅಕ್ಷರಗಳನ್ನು ಎರವಲು ಪಡೆಯುತ್ತಾರೆ.

ಮರ್ರೆ ಎಮಿನೋ ಎಂಬ ಭಾಷಾವಿಜ್ಞಾನಿ 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋತ, ಕೊಡವ ಮುಂತಾದ ಭಾಷೆಗಳನ್ನು ಕೇಳಿ ಕೇಳಿ ಬರೆದುಕೊಂಡರು. ಬಡಗದ ಸ್ವರಗಳ ಬಗ್ಗೆ 1939ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿದ್ದ ಸಂಗತಿ ಓದಿದವರನ್ನು ಬೆರಗುಗೊಳಿಸುವಂಥದ್ದು. ಬಡಗದಲ್ಲಿ ಇ, ಎ, ಅ, ಒ, ಉ ಎಂಬ ಐದು ಸ್ವರಗಳಿವೆ. ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ ಇವೆ. ಇಲ್ಲಿಯವರೆಗೆ ಕನ್ನಡದಂತೆಯೇ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರತಿ ಸ್ವರವನ್ನೂ ನಾಲಿಗೆ ಸುರುಳಿಸದೆ, ಅರ್ಧ ಸುರುಳಿಸಿ, ಪೂರ್ತಿ ಸುರುಳಿಸಿ ಹೀಗೆ ಮೂರು ಬಗೆಯಲ್ಲಿ ನುಡಿಯಬಹುದು, ಬಗೆ ಬದಲಾದರೆ ಅರ್ಥವೂ ಬದಲಾಗುತ್ತದೆ. ಐದು ಸ್ವರ, ಎರಡು ಉದ್ದ, ಮೂರು ಬಗೆ: ಒಟ್ಟು ಮೂವತ್ತು.

ನಾಲಿಗೆ ಸುರುಳಿಸಿದ ಸ್ವರ ಹೇಗಿರುತ್ತದೆ? ನೀವೇ ಮಾಡಿ ನೋಡಿ. 'ಳ' ಎನ್ನಲು ನಾಲಿಗೆಯ ತುದಿಯನ್ನು ಮೇಲೆತ್ತಿ ಹಿಂದಕ್ಕೆ ಮಡಚಿ, ಆದರೆ ಅಂಗುಳಕ್ಕೆ ತಾಗಿಸಬೇಡಿ. ಹಾಗೇ ಹಿಡಿದುಕೊಂಡು 'ಎ' ಎನ್ನಿ. ಅಮೆರಿಕನ್ನರು 'ಬರ್ಡ್' ಎನ್ನುವಾಗ ನಡುವೆ ಬರುವ ಸ್ವರದ ಛಾಯೆ ಇದರಲ್ಲಿ ಕೇಳುತ್ತದೆ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಇದನ್ನು ಸ್ವರದ ಬಲಕ್ಕೆ ಪುಟ್ಟ ಕೊಕ್ಕೆ ಹಾಕಿ ತೋರಿಸುತ್ತಾರೆ. ನಾವೂ ಅದೇ ಕೊಕ್ಕೆಯನ್ನು ಕನ್ನಡ ಅಕ್ಷರಕ್ಕೆ ಅಂಟಿಸೋಣ: ಬೆ ಎಂದರೆ ಬಾಯಿ, ಬೆ˞ ಎಂದರೆ ಬಳೆ, ಬೆ˞˞ ಎಂದರೆ ಬೆಳೆ.

ಬಳೆ, ಬೆಳೆ ಎರಡರಲ್ಲೂ ಕನ್ನಡದಲ್ಲಿ 'ಳ' ಇರುವುದನ್ನು ಗಮನಿಸಿದಿರಾ? ಬಡಗದಲ್ಲಿ ಆ ವ್ಯಂಜನ ಕರಗಿಹೋಗಿ, ಅದರ ನಾಲಿಗೆ ಮಡಚುವಿಕೆ ಮಾತ್ರ ಪಕ್ಕದ ಸ್ವರಕ್ಕೆ ಅಂಟಿಕೊಂಡು ಉಳಿದಿದೆ.

ಕನ್ನಡಿಗರಿಗೆ ಹೊಂಚು ಹಾಕಿರುವ ಅಪಾಯವೂ ಇದೇ. ಕನ್ನಡ ಬಲ್ಲವರೊಬ್ಬರು ಹಟ್ಟಿಗೆ ಹೋಗಿ ಈ ಪದ ಕೇಳಿದರೆ ಅವರ ಕಿವಿ ತಾನಾಗಿಯೇ ಅಲ್ಲೊಂದು 'ಳ' ಸೇರಿಸಿ ಕೇಳಿಸುತ್ತದೆ. ಇಲ್ಲವೇ ಮೂರನ್ನೂ ಒಂದೇ ಎಂದು ತಳ್ಳಿಹಾಕುತ್ತದೆ. ನಮ್ಮ ಕಿವಿ ನಮ್ಮ ಭಾಷೆಗೆ ಬೇಕಾದಷ್ಟನ್ನೇ ಕೇಳಲು ಪಳಗಿದೆ. ಹಾಗಾಗಿ ಈ ಕ್ಷೇತ್ರಕಾರ್ಯದ ಪ್ರತಿಯೊಂದು ಹೆಜ್ಜೆಯೂ ಸಂಗ್ರಾಹಕರು ತಮ್ಮ ಕಿವಿಯನ್ನೇ ನಂಬದಿರಲು ಮಾಡಿಕೊಂಡ ಏರ್ಪಾಡು.

ಪಟ್ಟಿ ಎಲ್ಲಿಂದ ಶುರು?

ಒಂದು ಹಟ್ಟಿಗೆ ಹೋಗಿದ್ದೇವೆ, ಮಾತನಾಡಲು ಒಬ್ಬ ಅಜ್ಜಿ ಒಪ್ಪಿದ್ದಾರೆ ಎಂದುಕೊಳ್ಳಿ. ಮೊದಲ ದಿನ ಯಾವ ಪದ ಕೇಳಬೇಕು?

ಹೆಚ್ಚಿನವರು ಮೊರಿಸ್ ಸ್ವದೇಶ್ ಎಂಬ ಅಮೆರಿಕನ್ ವಿದ್ವಾಂಸರ ಹೆಸರಿನ ಪಟ್ಟಿಯಿಂದ ಶುರು ಮಾಡುತ್ತಾರೆ. ಅದಕ್ಕೆ ಸುಮಾರು ನೂರು ಮತ್ತು ಇನ್ನೂರು ಪದಗಳ ಎರಡು ರೂಪಗಳಿವೆ. ಮೂಳೆ, ಬೂದಿ, ಹೇನು, ನೀರು, ಇರುಳು, ಇಂಥ ಯಾವ ಊರಲ್ಲೂ ಇರುವ ಪದಗಳು ಅವು. ಆದರೆ ಸ್ವದೇಶ್ ಅದನ್ನು ಮಾಡಿದ್ದು ಭಾಷೆ ಭಾಷೆಗಳ ನೆಂಟಸ್ತನ ಅಳೆಯಲು. ಒಂದು ಭಾಷೆಯ ಎಲ್ಲ ದನಿಗಳೂ ಆ ಇನ್ನೂರರಲ್ಲಿ ಸಿಕ್ಕಿಬಿಡುತ್ತವೆ ಎಂಬ ಖಾತ್ರಿಯಿಲ್ಲ. ಹಾಗಾಗಿ ಅದು ಬೀಜ ಮಾತ್ರ. ಮೈಯ ಭಾಗಗಳು, ನೆಂಟರ ಹೆಸರು, ಎಣಿಕೆ, ಅಡುಗೆಮನೆಯ ಸಾಮಾನು, ಹೊಲಗೆಲಸ, ದನಕರು, ಕಾಡುಪ್ರಾಣಿ ಹೀಗೆ ಊರಿನ ಬದುಕಿನಿಂದಲೇ ಪದಗಳನ್ನು ಕೂಡಿಸಿ ಮುನ್ನೂರರವರೆಗೆ ಬೆಳೆಸಬೇಕು. ಬಸ್ಸು, ಟೀ, ಫೋನು ಬೇಡ. ಎರವಲು ಪದಗಳ ಜತೆ ಎರವಲು ದನಿಗಳೂ ಬಂದು ಲೆಕ್ಕ ಕೆಡಿಸುತ್ತವೆ.

ಕ್ರಿಯಾಪದಗಳನ್ನು ಯಾವ ರೂಪದಲ್ಲಿ ಕೇಳಬೇಕು ಎಂಬುದೊಂದು ತಲೆನೋವು. 'ಹೊಡೆಯುವುದು' ಎಂದು ಕೇಳಿದರೆ ಒಬ್ಬರು ಹೊಡೆದ ಎನ್ನುತ್ತಾರೆ, ಇನ್ನೊಬ್ಬರು ಹೊಡೆಯುತ್ತಾನೆ ಎನ್ನುತ್ತಾರೆ. ಬಾಲಗಳು ಬೇರೆಯಾದರೆ ಪದಗಳನ್ನು ಹೋಲಿಸಲಾಗುವುದಿಲ್ಲ. ದ್ರಾವಿಡ ಭಾಷೆಗಳಲ್ಲಿ ಇದಕ್ಕೊಂದು ಸುಲಭ ದಾರಿ ಇದೆ. ಚಿಕ್ಕವರಿಗೆ ಅಪ್ಪಣೆ ಮಾಡುವ ರೂಪ ಕೇಳುವುದು. ನಮ್ಮಲ್ಲಿ 'ಮಾಡು', 'ತಿನ್ನು' ಎಂದ ಹಾಗೆ ಸಾಮಾನ್ಯವಾಗಿ ಧಾತುವೇ ಬೆತ್ತಲೆಯಾಗಿ ಸಿಗುತ್ತದೆ. ಬಡಗದಲ್ಲಿ 'ಹುಯ್' ಎಂದರೆ ಹೊಡೆ, ನಮ್ಮ ಹುಯ್ಯುವಿಕೆಯ ನೆಂಟ. ಅದೇ ಸ್ವರವನ್ನು ಪೂರ್ತಿ ಸುರುಳಿಸಿ 'ಹು˞˞ಯ್' ಎಂದರೆ ಹುಣಸೆ, ನಮ್ಮ ಹುಳಿಯ ನೆಂಟ.

ಹೀಗೆ ಒಂದೇ ಒಂದು ದನಿಯಲ್ಲಿ ಬೇರೆಯಾಗಿ ಅರ್ಥ ಬದಲಿಸುವ ಜೋಡಿಗಳೇ ಈ ಕೆಲಸದ ಬಂಗಾರ. ಅವು ಮೊದಲ ಪಟ್ಟಿಯಲ್ಲಿ ತಾವಾಗಿ ಸಾಲಾಗಿ ಬಂದು ನಿಲ್ಲುವುದಿಲ್ಲ. ಮುನ್ನೂರು ಪದ ಬರೆದುಕೊಂಡ ಮೇಲೆ ಸಂಜೆ ಕೂತು ಹುಡುಕಬೇಕು. 'ಬಾಯಿಗೂ ಬಳೆಗೂ ನಾನು ಒಂದೇ ತರ ಬರೆದಿದ್ದೇನಲ್ಲ, ನಿಜಕ್ಕೂ ಒಂದೇನಾ?' ಎಂಬ ಅನುಮಾನ ಬಂದ ಕಡೆಯೆಲ್ಲ ಗುರುತು ಹಾಕಬೇಕು. ಆ ಅನುಮಾನಗಳಿಂದ ಎರಡನೆಯ ಪಟ್ಟಿ ಹುಟ್ಟುತ್ತದೆ. ನಿಜವಾದ ಧ್ವನಿಮುದ್ರಣ ನಡೆಯಬೇಕಾದದ್ದು ಈ ಎರಡನೆಯ ಪಟ್ಟಿಯದು. ಮೊದಲ ದಿನವೇ ಮೈಕ್ ಹಿಡಿದು ಎಲ್ಲ ಮುಗಿಸಿ ಬಂದವರ ಬಳಿ ಸಾಮಾನ್ಯವಾಗಿ ಇದೇ ಇರುವುದಿಲ್ಲ.

'ಬಳೆಗೆ ಏನಂತೀರಿ?' ಎಂದು ಕೇಳಬೇಡಿ

ಬಡಗರಲ್ಲಿ ಹಲವರಿಗೆ ತಮಿಳು ಚೆನ್ನಾಗಿ ಬರುತ್ತದೆ, ಕನ್ನಡವೂ ಅಷ್ಟಿಷ್ಟು ಅರ್ಥವಾಗುತ್ತದೆ. ಅದೇ ತೊಂದರೆ. ನೀವು 'ಬಳೆ' ಎಂದ ತಕ್ಷಣ ಕೇಳಿದವರ ನಾಲಿಗೆ ನಿಮ್ಮ ಉಚ್ಚಾರದ ಕಡೆ ವಾಲುತ್ತದೆ. ಪೇಟೆಯಿಂದ ಬಂದವರಿಗೆ ಅರ್ಥವಾಗಲಿ ಎಂದು 'ಸರಿಯಾಗಿ' ಹೇಳುವ ಮರ್ಯಾದೆಯೂ ಸೇರಿಕೊಂಡು, ಇಲ್ಲದ 'ಳ' ಬಂದುಬಿಡಬಹುದು. ನೆಂಟ ಭಾಷೆಗಳ ನಡುವೆ ಕೆಲಸ ಮಾಡುವವರಿಗೆ ಇದು ದೊಡ್ಡ ಬಲೆ.

ಆದ್ದರಿಂದ ಬಳೆಯನ್ನೇ ತೋರಿಸಬೇಕು. ಬೆಳೆಗೆ ಹೊಲದ ಚಿತ್ರ. ತೋರಿಸಲಾಗದ್ದಕ್ಕೆ ಸುತ್ತು ಬಳಸಿ ಕೇಳುವುದು: 'ಸಾರಿಗೆ ಹುಳಿ ಬರಲು ಏನು ಹಾಕುತ್ತೀರಿ?' ಬೆರಳು ತೋರಿಸಿ ಕೇಳುವುದರಲ್ಲೂ ಎಡವಟ್ಟಾಗುತ್ತದೆ. ಬಾಯಿಯ ಕಡೆ ಬೆರಳು ಮಾಡಿದರೆ ತುಟಿ, ಹಲ್ಲು, ಕೆಲವೊಮ್ಮೆ 'ನಿನ್ನ ಬಾಯಿ' ಎಂಬ ಉತ್ತರ ಬರಬಹುದು. ಅದಕ್ಕೇ ಸಿಕ್ಕಿದ ಪದವನ್ನು ಇನ್ನೊಂದು ದಾರಿಯಿಂದ ತಿರುಗಿ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಸಿಕ್ಕ ಪದವನ್ನು ನೀವೇ ಹೇಳಿ 'ಹೀಗೇನಾ?' ಎಂದು ಕೇಳುವುದು ಕಲಿಯಲು ಒಳ್ಳೆಯದು, ಪುರಾವೆಯಾಗಿ ಸಾಲದು. ಅತಿಥಿ ಹೇಳಿದ್ದಕ್ಕೆ 'ಹೂಂ, ಹಾಗೇ' ಎನ್ನುವುದು ಎಲ್ಲ ಊರಿನ ಸೌಜನ್ಯ.

ಮೂರು ಸಲ, ಮತ್ತು ಒಂದು ವಾಕ್ಯದೊಳಗೆ

ಈಗ ಎರಡನೆಯ ಪಟ್ಟಿಯ ಮುದ್ರಣ. ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಓದಿಸಿದರೆ ಎಲ್ಲರೂ ರಾಗ ಹಿಡಿಯುತ್ತಾರೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗ ಪ್ರತಿ ಸಾಲಿನ ಕೊನೆ ಎಳೆಯುತ್ತೇವಲ್ಲ, ಹಾಗೆ. ಸಾಲಿನ ಕೊನೆಯ ಪದ ಬಂದಾಗ ದನಿ ಇಳಿಯುತ್ತದೆ, ಸ್ವರ ಉದ್ದವಾಗುತ್ತದೆ. ಆಮೇಲೆ ನೀವು ಅಳೆದು 'ಈ ಸ್ವರ ದೀರ್ಘ' ಎಂದು ಬರೆದರೆ ಅದು ಭಾಷೆಯ ಗುಣವಲ್ಲ, ನಿಮ್ಮ ಪಟ್ಟಿಯ ಗುಣ.

ಇದಕ್ಕೆ ಮದ್ದು ಎರಡು. ಒಂದು, ಪಟ್ಟಿಯ ಮೊದಲಿಗೂ ಕೊನೆಗೂ ಲೆಕ್ಕಕ್ಕಿಲ್ಲದ ಎರಡು ಮೂರು ಪದ ಸೇರಿಸುವುದು, ಮತ್ತು ಪದಗಳನ್ನು ಕಲಸಿ ಇಡುವುದು. ಬೆ, ಬೆ˞, ಬೆ˞˞ ಮೂರನ್ನೂ ಸಾಲಾಗಿ ಇಟ್ಟರೆ ಹೇಳುವವರಿಗೆ ನಿಮ್ಮ ಗುಟ್ಟು ತಿಳಿದು, ವ್ಯತ್ಯಾಸವನ್ನು ಬೇಕಂತಲೇ ದೊಡ್ಡದು ಮಾಡುತ್ತಾರೆ. ಎರಡು, ಪದವನ್ನು ಯಾವಾಗಲೂ ಒಂದೇ ಚೌಕಟ್ಟಿನ ವಾಕ್ಯದಲ್ಲಿ ಹೇಳಿಸುವುದು. ಕನ್ನಡದಲ್ಲಾದರೆ 'ನಾನು ____ ಅಂದೆ' ಎಂಬಂಥದ್ದು. ಆ ವಾಕ್ಯ ನೀವು ಅನುವಾದಿಸಿದ್ದಾಗಬಾರದು, ಆಡುವವರೇ ಕಟ್ಟಿಕೊಟ್ಟದ್ದಾಗಬೇಕು. ಪದದ ಅಕ್ಕಪಕ್ಕದ ದನಿಗಳನ್ನು ಮಾತ್ರ ನೋಡಿಕೊಳ್ಳಬೇಕು. ನಾವು ಹುಡುಕುತ್ತಿರುವುದೇ ನಾಲಿಗೆಯ ಮಡಚುವಿಕೆ. ಪಕ್ಕದಲ್ಲಿ 'ಟ', 'ಣ', 'ಳ' ಇದ್ದರೆ ನಾಲಿಗೆ ಮೊದಲೇ ಮಡಚಲು ಶುರುಮಾಡಿ, ಬರಿಯ ಬೆ ಕೂಡ ಸುರುಳಿ ಬೆ ಆಗಿ ಕೇಳಬಹುದು. 'ಪ', 'ಮ' ದಂಥ ತುಟಿಯ ದನಿ ಇದ್ದರೆ ನಾಲಿಗೆ ತನ್ನ ಪಾಡಿಗೆ ಇರುತ್ತದೆ.

ಪ್ರತಿ ಪದವನ್ನು ಒಮ್ಮೆ ಬಿಡಿಯಾಗಿ, ಎರಡು ಸಲ ವಾಕ್ಯದಲ್ಲಿ ಹೇಳಿಸಿದರೆ ನೂರು ಪದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟಾದ ಮೇಲೆ ನಿಲ್ಲಿಸಿ ಕಾಫಿ ಕುಡಿಯಬೇಕು. ದಣಿದ ಬಾಯಿ ವ್ಯತ್ಯಾಸಗಳನ್ನು ಮೊದಲು ಬಿಟ್ಟುಕೊಡುತ್ತದೆ, ದಣಿದ ಕಿವಿ ಅದಕ್ಕಿಂತ ಮೊದಲು.

ಒಬ್ಬರ ಮಾತು ಒಂದು ಭಾಷೆಯಲ್ಲ. ಪೀಟರ್ ಲ್ಯಾಡೆಫೋಗೆಡ್ ಎಂಬ ಧ್ವನಿವಿಜ್ಞಾನಿ ನೀಲಗಿರಿಯ ಭಾಷೆಗಳನ್ನೂ ಮುದ್ರಿಸಿಕೊಂಡವರು. ಸುಮಾರು ಆರು ಗಂಡಸರು, ಆರು ಹೆಂಗಸರ ದನಿ ಬೇಕು ಎಂಬುದು ಅವರ ಸಲಹೆಯಾಗಿತ್ತು. ಅಜ್ಜ ಅಜ್ಜಿಯರನ್ನು ಆರಿಸುವಾಗ ಮುಂದಿನ ಹಲ್ಲು ಇದೆಯೇ ಎಂದೂ ನೋಡಬೇಕಾಗುತ್ತದೆ. ಕೇಳಲು ಮುಜುಗರ, ಆದರೆ ಹಲ್ಲಿಲ್ಲದ ಬಾಯಲ್ಲಿ ಸ, ಶ, ಷಗಳ ರೂಪವೇ ಬೇರೆ.

ಬೇರೆಯೋ ಒಂದೋ? ತೀರ್ಪು ಯಾರದು

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಬೆ, ಬೆ˞, ಬೆ˞˞ ನಿಜವಾಗಿ ಮೂರು ದನಿಗಳೋ, ಅಥವಾ ನಾವೇ ಊಹಿಸಿಕೊಂಡದ್ದೋ?

'ಇವೆರಡೂ ಒಂದೇ ತರ ಕೇಳುತ್ತಾ?' ಎಂದು ಕೇಳಿಬಿಟ್ಟರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ಜನ ಅರ್ಥವನ್ನು ನೋಡಿ ಉತ್ತರ ಕೊಡುತ್ತಾರೆ, ದನಿಯನ್ನು ನೋಡಿ ಅಲ್ಲ. ಬಾಯಿ ಬೇರೆ, ಬಳೆ ಬೇರೆ, ಹಾಗಾಗಿ 'ಬೇರೆ' ಎನ್ನುತ್ತಾರೆ. ನಮ್ಮನ್ನೇ ತೆಗೆದುಕೊಳ್ಳಿ. 'ದನ'ವೂ 'ಧನ'ವೂ ಒಂದೇ ತರ ಕೇಳುತ್ತವೆಯೇ ಎಂದರೆ ಓದು ಬಲ್ಲ ಕನ್ನಡಿಗರು ಖಡಾಖಂಡಿತವಾಗಿ ಇಲ್ಲ ಎನ್ನುತ್ತಾರೆ. ಆದರೆ ದಿನದ ಮಾತಿನಲ್ಲಿ ನಮ್ಮಲ್ಲಿ ಬಹಳ ಜನ ಎರಡನ್ನೂ 'ದನ' ಎಂದೇ ಹೇಳುತ್ತೇವೆ. ಅಲ್ಲಿ ತೀರ್ಪು ಕೊಟ್ಟದ್ದು ಕಿವಿಯಲ್ಲ, ಕಾಗುಣಿತ.

ಅದಕ್ಕೇ ಅರ್ಥವನ್ನು ಮುಚ್ಚಿಟ್ಟು ಪರೀಕ್ಷೆ ಮಾಡಬೇಕು. ಹೀಗೆ: ಬಾಯಿ, ಬಳೆ, ಬೆಳೆಯ ಮೂರು ಚಿತ್ರಗಳನ್ನು ಮೇಜಿನ ಮೇಲಿಡಿ. ಅಜ್ಜಿ ಹೇಳಿದ ಮೂರೂ ಪದಗಳನ್ನು ತಲಾ ಹತ್ತು ಸಲ, ಕಲಸಿದ ಕ್ರಮದಲ್ಲಿ, ಒಟ್ಟು ಮೂವತ್ತು ಸಲ ಇಯರ್‌ಫೋನಿನಲ್ಲಿ ಕೇಳಿಸಿ. ಕೇಳುವವರು ಅದೇ ಹಟ್ಟಿಯ ಇನ್ನೊಬ್ಬರು. ಕೇಳಿದ್ದಕ್ಕೆ ಸರಿಯಾದ ಚಿತ್ರ ಮುಟ್ಟಬೇಕು, ಅಷ್ಟೆ. ಕಣ್ಣುಮುಚ್ಚಿ ಮುಟ್ಟಿದರೂ ಮೂರರಲ್ಲಿ ಒಂದು ಸರಿಯಾಗುತ್ತದೆ, ಅಂದರೆ ಮೂವತ್ತಕ್ಕೆ ಹತ್ತರ ಆಸುಪಾಸು. ಇಪ್ಪತ್ತೆಂಟು ಸರಿಯಾದರೆ ವ್ಯತ್ಯಾಸ ದನಿಯಲ್ಲೇ ಇದೆ, ಅನುಮಾನವಿಲ್ಲ.

ಹೆಚ್ಚು ಕಲಿಸುವುದು ತಪ್ಪುಗಳ ವಿನ್ಯಾಸ. ಬೆ ಬಂದಾಗಲೆಲ್ಲ ಬಾಯಿಯನ್ನೇ ಮುಟ್ಟಿ, ಬೆ˞ ಮತ್ತು ಬೆ˞˞ ಬಂದಾಗ ಬಳೆ, ಬೆಳೆಗಳ ನಡುವೆ ತಡಕಾಡಿದರೆ ಏನರ್ಥ? ಆ ಕಿವಿಗೆ ಮೂರು ಬಗೆಯಿಲ್ಲ, ಎರಡೇ: ಸುರುಳಿ ಇದೆ, ಸುರುಳಿ ಇಲ್ಲ. ಆಗ ಅದೇ ಪದಗಳನ್ನು ಕೇಳಿದವರ ಬಾಯಲ್ಲೇ ಹೇಳಿಸಿ ಅಜ್ಜಿಗೆ ಕೇಳಿಸಬೇಕು. ಅಜ್ಜಿಗೂ ಗೊಂದಲವಾದರೆ ಆ ವ್ಯಕ್ತಿಯ ಮಾತಿನಲ್ಲಿ ಎರಡು ದನಿಗಳು ಕೂಡಿಹೋಗಿವೆ.

ಇದು ಬರಿಯ ಕಲ್ಪನೆಯ ಮಾತಲ್ಲ. ಎಮಿನೋ ಕೇಳಿದ ಮೂವತ್ತು ಸ್ವರಗಳನ್ನು ಅರ್ಧ ಶತಮಾನದ ನಂತರ ಬಂದವರು ಹುಡುಕಿದಾಗ, ಈಗಿನ ಮಾತುಗಾರರಲ್ಲಿ ಸುರುಳಿಯ ವ್ಯತ್ಯಾಸ ಕೆಲವೇ ಸ್ವರಗಳಲ್ಲಿ ಉಳಿದಿತ್ತು. 'ಹಾಗಾದರೆ ಎಮಿನೋ ತಪ್ಪು ಕೇಳಿರಬೇಕು' ಎಂದು ತೀರ್ಮಾನಿಸಬೇಕಿಲ್ಲ. ಭಾಷೆಗಳಲ್ಲಿ ದನಿಗಳು ಕೂಡಿಹೋಗುವುದು ಸಾಮಾನ್ಯ. ಹಳಗನ್ನಡದ ೞ, ಱ ಅಕ್ಷರಗಳ ದನಿ ಈಗ ಯಾರ ಬಾಯಲ್ಲಿದೆ? ಬೇರೆ ಬೇರೆ ವಯಸ್ಸಿನವರನ್ನು ಬೇರೆ ಬೇರೆಯಾಗಿಯೇ ಮುದ್ರಿಸಿ, ಯಾರ ವಯಸ್ಸು ಎಷ್ಟು, ಯಾವ ಹಟ್ಟಿ ಎಂದು ಬರೆದಿಡುವುದು ಇದಕ್ಕೇ. ಮೂರೂ ಬಗೆಯನ್ನು ಬೇರೆಯಾಗಿ ನುಡಿಯುವ ಹಿರಿಯರೊಬ್ಬರು ಸಿಕ್ಕರೆ ಅವರ ಮುದ್ರಣ ಕೆಟ್ಟರೆ ಮತ್ತೆ ಮಾಡಲು ಅವಕಾಶ ಸಿಗದೇ ಹೋಗಬಹುದು.

ವಾಟ್ಸಾಪ್ ವಾಯ್ಸ್ ಮೆಸೇಜ್ ಯಾಕೆ ಸಾಲದು

ಅಂಥ ಮುದ್ರಣ ಕೆಡುವುದು ಹೇಗೆ? ಹೆಚ್ಚಾಗಿ ನಮ್ಮ ಕೈಯಲ್ಲಿರುವ ಸಾಧನ ನಮಗೆ ಉಪಕಾರ ಮಾಡಲು ಹೋಗಿ.

ವಾಯ್ಸ್ ಮೆಸೇಜನ್ನು ಆ್ಯಪ್ ಕುಗ್ಗಿಸಿ ಕಳುಹಿಸುತ್ತದೆ. ಮಾತಿನ ಅರ್ಥ ತಿಳಿಯಲು ಬೇಕಿಲ್ಲದ ವಿವರಗಳನ್ನು ಅದು ಬಿಸಾಡುತ್ತದೆ. ಕುಗ್ಗಿಸದ 24 ಬಿಟ್ ವೇವ್ ಫೈಲು ನಿಮಿಷಕ್ಕೆ ಎಂಟು ಎಂಬಿಯ ಆಸುಪಾಸಿನಲ್ಲಿದ್ದರೆ, ವಾಯ್ಸ್ ಮೆಸೇಜ್ ಸಾಮಾನ್ಯವಾಗಿ ಅರ್ಧ ಎಂಬಿಯನ್ನೂ ಮುಟ್ಟುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ದನಿಗಳ ವಿವರ, ಅಂದರೆ ಸ, ಶ, ಷ. ಕನ್ನಡಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಆದರೆ ಬಡಗರ ನೆರೆಯವರಾದ ತೋಡರ ಭಾಷೆಯಲ್ಲಿ ಇಂಥ ಊದುದನಿಗಳು ನಾಲ್ಕು ಬಗೆ, ನಾಲ್ಕಕ್ಕೂ ಅರ್ಥಭೇದ. ಅಲ್ಲಿ ಈ ನಷ್ಟ ಭಾಷೆಯ ಒಂದು ಅಂಗವನ್ನೇ ಕತ್ತರಿಸಿದಂತೆ. ಬಡಗದ ಸುರುಳಿ ಸ್ವರದ ಗುರುತು ಅಷ್ಟು ಮೇಲಿಲ್ಲದ್ದರಿಂದ ಕುಗ್ಗಿಸಿದರೂ ಬಹುಮಟ್ಟಿಗೆ ಉಳಿಯುತ್ತದೆ. ಹಾಗೆಂದು ಯಾವ ದನಿ ಮುಖ್ಯ ಎಂಬುದು ಮೊದಲೇ ಗೊತ್ತಿದ್ದರೆ ದಾಖಲಿಸುವ ಕೆಲಸವೇ ಬೇಕಿರಲಿಲ್ಲವಲ್ಲ!

ಎರಡನೆಯ ಉಪಕಾರ, ಗದ್ದಲ ತೆಗೆಯುವುದು ಮತ್ತು ದನಿ ಏರಿಳಿಸಿ ಸಮ ಮಾಡುವುದು. ಹಲವು ಫೋನುಗಳು ಇದನ್ನು ಕೇಳದೆಯೇ ಮಾಡುತ್ತವೆ. ಪದದ ಕೊನೆಯ ಮೆಲುದನಿಯನ್ನು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಿಬಿಡಬಹುದು. ಅಳಿಸಿದ ಜಾಗ ಕಿವಿಗೆ ಸ್ವಚ್ಛವಾಗಿಯೇ ಕೇಳುತ್ತದೆ, ಅದೇ ಮೋಸ. ಪತ್ತೆ ಹಚ್ಚಲು ಒಂದು ಉಪಾಯವಿದೆ. ಮಾತಾಡುವ ಮೊದಲು ಐದು ಸೆಕೆಂಡು ಸುಮ್ಮನಿದ್ದು ಕೋಣೆಯ ಮೌನವನ್ನು ಮುದ್ರಿಸಿ, ಆಮೇಲೆ ಹೆಡ್‌ಫೋನಿನಲ್ಲಿ ದನಿ ಹೆಚ್ಚಿಸಿ ಕೇಳಿ. ನಿಜವಾದ ಕೋಣೆಯಲ್ಲಿ ಯಾವಾಗಲೂ ಸಣ್ಣ ಸುಯ್ಲು ಇರುತ್ತದೆ. ಪೂರ್ತಿ ನಿಶ್ಶಬ್ದವಾಗಿದ್ದರೆ, ಅಥವಾ ಮಾತು ಶುರುವಾದಾಗ ಮಾತ್ರ ಆ ಸುಯ್ಲು ಎದ್ದು ಬಂದರೆ, ಫೋನು ಕತ್ತರಿ ಆಡಿಸುತ್ತಿದೆ.

ಹಾಗಾದರೆ ಏನು ಬೇಕು? ಕುಗ್ಗಿಸದ ವೇವ್ ಫೈಲು ಕೊಡುವ ರೆಕಾರ್ಡರ್, ಅಥವಾ ಅಂಥ ಆ್ಯಪ್ ಇರುವ ಫೋನಿಗೆ ಹೊರಗಿನ ಮೈಕು. ಸೆಕೆಂಡಿಗೆ 44,100 ಅಥವಾ 48,000 ಮಾದರಿ, 24 ಬಿಟ್, ಒಂದೇ ಚಾನೆಲ್. 16 ಬಿಟ್ ಇದ್ದರೂ ನಡೆದೀತು. ತಲೆಗೆ ಸಿಕ್ಕಿಸುವ ಮೈಕಾದರೆ ಬಾಯಿಯ ಮೂಲೆಯಿಂದ ಎರಡು ಮೂರು ಬೆರಳಗಲ ಪಕ್ಕಕ್ಕೆ. ಬಾಯಿಯ ಎದುರಿಗೇ ಇಟ್ಟರೆ 'ಪ', 'ಬ' ಬಂದಾಗ ಗಾಳಿ ಹೊಡೆದು ಧಬ್ ಎನ್ನುತ್ತದೆ. ರೆಕಾರ್ಡರಿನ ಮಟ್ಟಸೂಚಕ ಗಟ್ಟಿ ಮಾತಿನಲ್ಲೂ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲಬೇಕು. ಸೊನ್ನೆ ಮುಟ್ಟಿದರೆ ದನಿಯ ತಲೆ ಕತ್ತರಿಸಿಹೋಗುತ್ತದೆ, ಅದನ್ನು ಆಮೇಲೆ ಸರಿಪಡಿಸಲಾಗದು.

ಕೋಣೆಯ ವಿಷಯದಲ್ಲಿ ಬಡವರ ಸ್ಟುಡಿಯೋ ಎಂದರೆ ಹಾಸಿಗೆ, ಕಂಬಳಿ ತುಂಬಿದ ಮಲಗುವ ಕೋಣೆ. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ. ತಗಡಿನ ಮಾಡಿನ ಮನೆಯಲ್ಲಿ ಮಳೆ ಬಂದರೆ ಅವತ್ತಿನ ಕೆಲಸ ಮುಗಿಯಿತು. ಫ್ರಿಜ್ ಆಫ್ ಮಾಡಿಸಿದರೆ ಹೊರಡುವ ಮೊದಲು ಮತ್ತೆ ಆನ್ ಮಾಡಲು ಮರೆಯಬೇಡಿ. ಮನೆಯವರ ಹಾಲು ಕೆಡಿಸಿ ಮರುದಿನ ಮತ್ತೆ ಅದೇ ಬಾಗಿಲು ತಟ್ಟುವುದು ಕಷ್ಟ.

ಚಿತ್ರದಲ್ಲಿ ಸುರುಳಿ ಕಾಣುವುದು

ಪರದೆಯ ಮೇಲೆ ದನಿಯನ್ನು ನೋಡಲು ಪ್ರಾಟ್ ಎಂಬ ಉಚಿತ ತಂತ್ರಾಂಶ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು. ಅದರಲ್ಲಿ ಸ್ವರವೊಂದು ಕೆಲವು ಕಪ್ಪು ಪಟ್ಟೆಗಳಾಗಿ ಒಂದರ ಮೇಲೊಂದು ಕಾಣುತ್ತದೆ. ಬಾಯಿಯ ಒಳಗಿನ ಆಕಾರ ಯಾವ ಕಂಪನಗಳನ್ನು ಎತ್ತಿಕೊಡುತ್ತದೆ ಎಂಬುದರ ಗುರುತು ಆ ಪಟ್ಟೆಗಳು. ಕೆಳಗಿನಿಂದ ಮೂರನೆಯ ಪಟ್ಟೆಯನ್ನು ನೋಡಿ. ಗಂಡಸಿನ ಸಾದಾ 'ಎ' ಸ್ವರದಲ್ಲಿ ಅದು ಸುಮಾರು 2500 ಹರ್ಟ್ಸ್ ಬಳಿ ಇರುತ್ತದೆ. ನಾಲಿಗೆ ಸುರುಳಿಸಿದಷ್ಟೂ ಅದು ಕೆಳಗಿಳಿದು ಎರಡನೆಯ ಪಟ್ಟೆಯ ಹತ್ತಿರ ಬರುತ್ತದೆ. ಅಮೆರಿಕದ ಗಂಡಸರ 'ಬರ್ಡ್' ಸ್ವರದಲ್ಲಿ 1700ರ ಆಸುಪಾಸಿಗೆ ಇಳಿಯುತ್ತದೆ.

ಆದರೆ ಗೆರೆ ಇಳಿದಿದೆ ಎಂದ ಮಾತ್ರಕ್ಕೆ ಅದು ಬೇರೆ ದನಿ ಎಂದು ಸಾಬೀತಾಗುವುದಿಲ್ಲ. ಪಕ್ಕದ 'ಳ' ಕೂಡ ಅದನ್ನು ಇಳಿಸಬಲ್ಲದು. ಚಿತ್ರ ಹೇಳುವುದು ಬಾಯಲ್ಲಿ ಏನಾಯಿತು ಎಂಬುದನ್ನು, ಅರ್ಥ ಬೇರೆಯಾಯಿತೇ ಎಂಬುದನ್ನು ಹೇಳುವುದು ಮೂರು ಚಿತ್ರಗಳ ಆ ಪರೀಕ್ಷೆ. ಎರಡೂ ಒಂದೇ ಉತ್ತರ ಕೊಟ್ಟಾಗ ಮಾತ್ರ ಪಟ್ಟಿಯಲ್ಲಿ ಹೊಸ ದನಿಯೊಂದನ್ನು ಸೇರಿಸುತ್ತಾರೆ.

ಹೆಸರಿಲ್ಲದ ಫೈಲು, ಕೇಳದೆ ಹಂಚಿದ ದನಿ

ಪ್ರತಿ ಮುದ್ರಣದ ಮೊದಲಿಗೆ ದಿನಾಂಕ, ಹಟ್ಟಿ, ಮಾತುಗಾರರ ಸಂಕೇತ, ಪಟ್ಟಿಯ ಸಂಖ್ಯೆ ಇಷ್ಟನ್ನು ಬಾಯಲ್ಲೇ ಹೇಳಿ ಮುದ್ರಿಸಬೇಕು. ಫೈಲಿನ ಹೆಸರು ಕಳೆದರೂ ದನಿಯೊಳಗೆ ಗುರುತು ಉಳಿಯುತ್ತದೆ. ಫೈಲಿಗೆ ಇಂಥ ಹೆಸರು:

```
bfq_F03_list2_2025-01-12.wav
```

ಮೊದಲ ಮೂರು ಅಕ್ಷರ ಬಡಗ ಭಾಷೆಯ ಅಂತರರಾಷ್ಟ್ರೀಯ ಸಂಕೇತ, ಆಮೇಲಿನದು ಮೂರನೆಯ ಮಹಿಳಾ ಮಾತುಗಾರರು, ಎರಡನೆಯ ಪಟ್ಟಿ, ದಿನಾಂಕ. ಮಾತುಗಾರರ ನಿಜವಾದ ಹೆಸರು ಬೇರೆ ಪುಸ್ತಕದಲ್ಲಿ, ಬೇರೆ ಜಾಗದಲ್ಲಿ ಇರುತ್ತದೆ.

ಅನುಮತಿಯನ್ನು ಮುದ್ರಣಕ್ಕೆ ಮೊದಲೇ, ಅವರಿಗೆ ತಿಳಿಯುವ ಭಾಷೆಯಲ್ಲಿ ಕೇಳಬೇಕು. ಬರೀ 'ರೆಕಾರ್ಡ್ ಮಾಡಲಾ?' ಅಲ್ಲ. ಯಾರು ಯಾರು ಕೇಳುತ್ತಾರೆ, ಇಂಟರ್ನೆಟ್ಟಿಗೆ ಹೋಗುತ್ತದೆಯೇ, ನಾಳೆ ಬೇಡ ಎನ್ನಿಸಿದರೆ ಯಾರಿಗೆ ಹೇಳಬೇಕು, ಇಷ್ಟೂ. ಪದಪಟ್ಟಿ ಮುಗಿದ ಮೇಲೂ ಮೈಕು ಆನ್ ಇದ್ದಾಗ ಅಜ್ಜಿ ಸೊಸೆಯ ಬಗ್ಗೆ ನಾಲ್ಕು ಮಾತು ಆಡಿಬಿಡಬಹುದು. ಆ ತುಣುಕು ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗಿ ಅದೇ ಹಟ್ಟಿಗೆ ವಾಪಸಾದರೆ ಆ ಮನೆಯಲ್ಲಿ ಆಗುವ ರಂಪಕ್ಕೆ ಮುದ್ರಿಸಿದವರೇ ಹೊಣೆ. ಮುಗಿದ ಮೇಲೆ ಕೇಳಿಸಿ, ಬೇಡವೆಂದ ಭಾಗವನ್ನು ಅವರೆದುರೇ ತೆಗೆಯುವುದು ರೂಢಿ.

ಅಂದಹಾಗೆ, ನಿಮ್ಮ ಫೋನಿನಲ್ಲಿ ಈಗಾಗಲೇ ಇಂಥ ವಾಯ್ಸ್ ಮೆಸೇಜ್ ಒಂದು ಇರಬಹುದು. ಬಡಗವೇ ಆಗಬೇಕಿಲ್ಲ, ಕೊರಗ, ಇರುಳ, ಸೋಲಿಗ, ಯಾವುದಾದರೂ ಸರಿ. ಅದನ್ನು ಬೇರೆ ರೂಪಕ್ಕೆ ಪರಿವರ್ತಿಸಲು ಹೋಗಬೇಡಿ. ಒಮ್ಮೆ ಕುಗ್ಗಿದ ದನಿ ವೇವ್ ರೂಪಕ್ಕೆ ಪರಿವರ್ತಿಸಿದರೆ ಹಿಗ್ಗುವುದಿಲ್ಲ, ಫೈಲು ಮಾತ್ರ ದೊಡ್ಡದಾಗುತ್ತದೆ. ಮೂಲ ಫೈಲನ್ನು ಹಾಗೇ ಕಂಪ್ಯೂಟರಿಗೆ ನಕಲು ಮಾಡಿ, ಪಕ್ಕದಲ್ಲಿ ಯಾರ ದನಿ, ಯಾವ ಊರು, ಎಷ್ಟು ವಯಸ್ಸು, ಯಾವಾಗ ಮುದ್ರಿಸಿದ್ದು ಎಂದು ನಾಲ್ಕು ಸಾಲು ಬರೆದಿಡಿ. ಹೊಸದಾಗಿ ವೇವ್ ಮುದ್ರಿಸಿ ಇನ್ನೊಬ್ಬರಿಗೆ ಕಳುಹಿಸಬೇಕಿದ್ದರೆ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಆಗಿ ಕಳುಹಿಸಿ, ಆಗ ಅದು ಕುಗ್ಗದೆ ತಲುಪುತ್ತದೆ. ಆ ದನಿಯವರು ಇನ್ನೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಮೈಕು ಮತ್ತು ಮೂರು ಚಿತ್ರಗಳನ್ನು ಜತೆಗೊಯ್ಯಿರಿ.